ಮಾತಿಗೊಂದು ನಿರೀಕ್ಷಣಾ ಜಾಮೀನು

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ ಕನ್ನಡಕ್ಕೆ ಕುತ್ತು ಬಂದಿದೆಯಂತೆ. ಸುದ್ದಿ ಹುಟ್ಟಿದ್ದು ಚಹಾದಂಗಡಿಯ ಬೆಂಚಿನ ಮೇಲೆ. ಹುಟ್ಟಿಸಿದವರು ಊರಿನ ಹಿರಿಯರು. ಅವರ ಮಾತನ್ನು ಅವರ ಬಾಯಲ್ಲೇ ಕೇಳಬೇಕು: "ಈಗಿನ ಹುಡುಗರ ಬಾಯಾಗ ನಮ್ಮ ಭಾಷಾ ಪೂರಾ ಬರ್ಬಾದ್ ಆಗ್ಲಕತ್ತದ. ಜಲ್ದಿ ಏನರ ಬಂದೋಬಸ್ತ್ ಮಾಡ್ಬೇಕು ನೋಡ್ರಿ, ಇಲ್ದಿದ್ರ ಖತಂ!"

ಪೂರಾ, ಬರ್ಬಾದ್, ಜಲ್ದಿ, ಬಂದೋಬಸ್ತ್, ಖತಂ. ಕನ್ನಡವನ್ನು ಉಳಿಸಲು ಪಾರ್ಸಿ, ಅರಬ್ಬಿ, ಹಿಂದುಸ್ತಾನಿ ಮೂರೂ ಸೇರಿ ಓಡಿಬಂದಿವೆ. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಸೀಮೆ ಇದು. ಇಲ್ಲಿ ಹೊಲ ಹೋಗಿ ಜಮೀನಾಯಿತು, ಬಿನ್ನಹ ಹೋಗಿ ಅರ್ಜಿಯಾಯಿತು. ಆಗ ಯಾರಿಗೂ ಕನ್ನಡ ಸತ್ತಂತೆ ಕಾಣಲಿಲ್ಲ. ಈಗ ಹತ್ತನೇ ಇಯತ್ತೆಯ ಹುಡುಗ ಮೊಬೈಲಿನಲ್ಲಿ 'ಲೋಕೀ' ಎಂದು ಒತ್ತಿದ ಕೂಡಲೇ ಕನ್ನಡದ ಕೊನೆಯುಸಿರು ಕೇಳತೊಡಗಿದೆ.

ಆರೋಪಿಗಳು ನಾಲ್ವರು: ಲೋಕೀ, ಎಫ್‌ಆರ್, ಬೆಟ್ ಮತ್ತು ಕುಟುಂಬ ಸಮೇತ ಬಂದಿರುವ ನೋ ಥಾಟ್ಸ್ ಹೆಡ್ ಎಂಪ್ಟಿ. ವಿಚಾರಣೆ ಮಾಡದೆ ಗಲ್ಲಿಗೇರಿಸುವುದು ಚಹಾದಂಗಡಿಯ ನ್ಯಾಯ. ನಾವು ಸ್ವಲ್ಪ ವಿಚಾರಣೆ ಮಾಡೋಣ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಹಿಂದಿನ ರಾತ್ರಿ ಎಂದುಕೊಳ್ಳಿ. ಊರು ಮಲಗಿದೆ, ಹುಡುಗರ ವಾಟ್ಸಾಪ್ ಗುಂಪು ಮಲಗಿಲ್ಲ. ಒಬ್ಬ ಬರೆಯುತ್ತಾನೆ: "ಲೋಕೀ ಅಂಜಿಕಿ ಆಗ್ಲಕತ್ತದ." ಇನ್ನೊಬ್ಬ: "ಎಫ್‌ಆರ್." ಮೂರನೆಯವ: "ಗಣಿತದಾಗ ನಂದು ಹೋದಂಗೇ. ನೋ ಥಾಟ್ಸ್ ಹೆಡ್ ಎಂಪ್ಟಿ." ಮೊದಲನೆಯವ: "ಮುಂಜಾನಿ ಬಸ್‌ಸ್ಟ್ಯಾಂಡಿಗಿ ಬಾ, ಕೂಡೇ ನೋಡಮ್." ಎರಡನೆಯವ: "ಬೆಟ್."

ಇಷ್ಟೇ ಸಂಭಾಷಣೆ. ಇದನ್ನು ತಂದೆ ಓದಿದರೆ, ಮಗ ಸ್ವಲ್ಪ ಅಂಜಿದ್ದಾನೆ, ಅವನ ಗೆಳೆಯನ ತಲೆಯಲ್ಲಿ ಏನೂ ಇಲ್ಲ, ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಜೂಜಾಡಲು ಹೊರಟಿದ್ದಾರೆ ಎಂದು ತಿಳಿದಾನು. ಮೂರೂ ತಪ್ಪು.

'ಲೋಕೀ' ಎಂದರೆ ಇಂಗ್ಲಿಷಿನಲ್ಲಿ ಮೊದಲಿಗೆ ತಗ್ಗಿದ ಸ್ವರ, ಆಮೇಲೆ ಅಬ್ಬರವಿಲ್ಲದ ನಡತೆ. ಅಮೆರಿಕದ ಕರಿಯ ಜನರ ಆಡುಮಾತು ಅದನ್ನು ಕ್ರಿಯಾಪದದ ಹಿಂದೆ ತಂದು ನಿಲ್ಲಿಸಿ ಬೇರೆ ಕೆಲಸಕ್ಕೆ ಹಚ್ಚಿತು. ಅಲ್ಲಿಂದ ಹಾಡು, ವಿಡಿಯೊ, ಮೀಮ್‌ಗಳ ಹೆಗಲೇರಿ ಅದು ಮುಲ್ಲಾಮಾರಿ ನದಿಯ ದಂಡೆಗೂ ಬಂತು. ಅಂಜಿಕೆ ಎಷ್ಟು ಎಂಬ ಅಳತೆ ಆ ಪದದಲ್ಲಿಲ್ಲ. 'ನಾನು ಹೇಳಿದ್ದು ನಿಜ, ಆದರೆ ನೀವು ನಕ್ಕರೆ ಅದು ನಿಜವಲ್ಲ' ಎಂಬ ಕರಾರು ಮಾತ್ರ ಇದೆ. ಗೆಳೆಯರು ಗೇಲಿ ಮಾಡಿದರೆ "ಏ, ಮಜಾಕ್ ಮಾಡ್ದೆ ಬಿಡೋ" ಎಂದು ಜಾರಿಕೊಳ್ಳಬಹುದು. ಗೇಲಿ ಮಾಡದಿದ್ದರೆ ಅಂಜಿಕೆಯನ್ನು ಮುಂದುವರಿಸಬಹುದು. ಬಂಧನಕ್ಕೆ ಮುಂಚೆಯೇ ಪಡೆದಿಟ್ಟುಕೊಂಡ ನಿರೀಕ್ಷಣಾ ಜಾಮೀನು ಅದು. ದೊಡ್ಡವರು ಇದಕ್ಕಾಗಿ ವಕೀಲರನ್ನು ಹಿಡಿದು ಹೈಕೋರ್ಟಿನ ಕಲಬುರಗಿ ಪೀಠದವರೆಗೆ ಹೋಗುತ್ತಾರೆ. ಹುಡುಗನಿಗೆ ಒಂದು ಪದದಲ್ಲಿ, ಖರ್ಚಿಲ್ಲದೆ, ಮನೆಯಲ್ಲೇ ಸಿಕ್ಕಿದೆ.

ಹದಿನಾರರ ಹುಡುಗನಿಗೆ ಜಾಮೀನು ಏಕೆ ಬೇಕಾಯಿತು ಎಂದು ಕೇಳಬಾರದು. ಕೇಳಿದರೆ ಉತ್ತರ ಮನೆಯೊಳಗಿಂದ ಬರುತ್ತದೆ. ಆರನೇ ವಯಸ್ಸಿನಲ್ಲಿ ಅವನು ಒಮ್ಮೆ "ನಾ ಡಾಕ್ಟರ್ ಆಗ್ತೀನಿ" ಎಂದಿದ್ದ. ಆ ಹೇಳಿಕೆಯನ್ನು ಮನೆಯವರು ಹತ್ತು ವರ್ಷದಿಂದ ಬೀಗರ ಮುಂದೆ, ಬಳಗದ ಮುಂದೆ, ಬಾಡಿಗೆ ಜೀಪಿನ ಡ್ರೈವರ್ ಮುಂದೆ ಸಾಕ್ಷ್ಯವಾಗಿ ಮಂಡಿಸುತ್ತ ಬಂದಿದ್ದಾರೆ. ಒಮ್ಮೆ ಬಾಯಿ ಬಿಟ್ಟು ಇಷ್ಟು ಅನುಭವಿಸಿದವನು ಇನ್ನೊಮ್ಮೆ ಜಾಮೀನಿಲ್ಲದೆ ಬಾಯಿ ಬಿಡುವನೆ? ಅವನು ಅಂಜಿದ್ದೇನೆ ಎನ್ನುವುದಕ್ಕೂ ಲೋಕೀ, ಒಬ್ಬಳು ಹುಡುಗಿ ಚೆನ್ನಾಗಿ ಹಾಡುತ್ತಾಳೆ ಎನ್ನುವುದಕ್ಕೂ ಲೋಕೀ, ಅವ್ವನ ನೆನಪಾಗುತ್ತದೆ ಎನ್ನುವುದಕ್ಕಂತೂ ಎರಡು ಸಲ ಲೋಕೀ.

ಆದ್ದರಿಂದ ಈ ಪದವನ್ನು 'ಸ್ವಲ್ಪ' ಎಂದು ಓದುವ ತಂದೆತಾಯಿ ಮೋಸ ಹೋಗುತ್ತಾರೆ. ಹಗಲು ಹೊತ್ತು ಹತ್ತು ಜನರ ಮುಂದೆ "ಲೋಕೀ ಹಸಿವಾಗ್ಯದ" ಎಂದರೆ ಅದು ಬರೀ ಹಸಿವು, ಎರಡು ಮಿರ್ಚಿಯಲ್ಲಿ ತೀರುತ್ತದೆ. ನಡುರಾತ್ರಿ ಇಬ್ಬರೇ ಗೆಳೆಯರಿರುವ ಕಡೆ "ಲೋಕೀ ಯಾವ್ದೂ ಬ್ಯಾಡ ಅನಸ್ಲಕತ್ತದ" ಎಂದರೆ ಅಲ್ಲಿ ಲೋಕೀ ಎಂಬುದು ತೆರೆ. ತೆರೆಯ ಹಿಂದಿರುವುದು ಸ್ವಲ್ಪವಲ್ಲ. ಪದ ಒಂದೇ. ಹೊತ್ತು ಮತ್ತು ಕೇಳುವವರು ಯಾರು ಎಂಬುದರಿಂದ ತೂಕ ಬೇರೆಯಾಗುತ್ತದೆ.

ಎರಡನೆಯ ಆರೋಪಿ ಎಫ್‌ಆರ್. 'ಫಾರ್ ರಿಯಲ್' ಎಂಬುದರ ಎರಡಕ್ಷರದ ಗಂಟು. ಇದನ್ನು ಕಲಬುರಗಿ ಸೀಮೆಗೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ. "ಖರೇನ?" ಎಂದು ಕೇಳದೆ ಇಲ್ಲಿ ಯಾವ ಸುದ್ದಿಯೂ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿದ್ದಿಲ್ಲ. ಆ ಖರೇ ಕೂಡ ಮರಾಠಿಯಿಂದ ನಡೆದು ಬಂದದ್ದು. ಆದರೆ ಅದು ಎಷ್ಟೋ ತಲೆಮಾರಿನ ಹಿಂದೆ ಬಂದು ಮನೆಯ ಅಳಿಯನಾಗಿದೆ. ಎಫ್‌ಆರ್ ಇನ್ನೂ ಹೊರಗಿನ ಪಡಸಾಲೆಯಲ್ಲೇ ಕುಳಿತಿದೆ.

ಮೇಲಿನ ಸಂಭಾಷಣೆಯಲ್ಲಿ ಅದು ಪ್ರಶ್ನೆಯಾಗಿ ಬಂದಿಲ್ಲ ಎಂಬುದನ್ನು ಗಮನಿಸಿ. ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ಅನುಮಾನ. ಇಲ್ಲದಿದ್ದರೆ 'ನನಗೂ ಹಾಂಗೇ ಆಗ್ಯದ, ನೀನೊಬ್ಬನೇ ಅಲ್ಲ' ಎಂಬ ಸಮಾಧಾನ. ಎರಡಕ್ಷರಕ್ಕೆ ಇದಕ್ಕಿಂತ ಹೆಚ್ಚು ದುಡಿಯಲು ಬರುವುದಿಲ್ಲ. ಇದೇ ಅಂಜಿಕೆಯನ್ನು ಹುಡುಗ ಮನೆಯಲ್ಲಿ ಹೇಳಿಕೊಂಡಿದ್ದರೆ ಅಪ್ಪಟ ಕನ್ನಡದಲ್ಲಿ ಏನು ಸಿಗುತ್ತಿತ್ತು? "ಓದೂಮುಂದ ಎಲ್ಲಿಗಿ ಹೋಗಿತ್ತು ಈ ಅಂಜಿಕಿ?" ವ್ಯಾಕರಣ ಶುದ್ಧ, ಕಾಗುಣಿತ ಶುದ್ಧ, ಸಮಾಧಾನ ಶೂನ್ಯ. ತಂದೆಯ ಪ್ರೀತಿಯ ಶಬ್ದಕೋಶದಲ್ಲಿ "ಉಂಡಿ ಏನ್?" ಎಂಬ ಒಂದೇ ವಾಕ್ಯವಿದೆ. ಪ್ರೀತಿಯೂ ಅದೇ, ಕ್ಷಮೆಯೂ ಅದೇ, ಕಳವಳವೂ ಅದೇ. ಅದನ್ನು ನಾವು ಗಾಂಭೀರ್ಯ ಎನ್ನುತ್ತೇವೆ. ಮಗ ಎಲ್ಲಕ್ಕೂ ಎಫ್‌ಆರ್ ಎಂದರೆ ಭಾಷೆ ಬಡವಾಯಿತು ಎನ್ನುತ್ತೇವೆ.

ಮೂರನೆಯವನು ಬೆಟ್. ಪದದ ಅರ್ಥ ಪಂದ್ಯವೇ. ಆದರೆ ಇಲ್ಲಿ ದುಡ್ಡೂ ಇಲ್ಲ, ಜೂಜೂ ಇಲ್ಲ. 'ಆಯ್ತು, ನನ್ನ ಕಡೆಯಿಂದ ಪಕ್ಕಾ, ಮುಂದೆ ಚರ್ಚೆ ಬೇಡ' ಎಂಬ ಒಪ್ಪಿಗೆ. ಇದೂ ಅಮೆರಿಕದ ಕರಿಯರ ಆಡುಮಾತಿನ ಕೊಡುಗೆ. ಸವಾಲು ಹಾಕಿದವನಿಗೆ ಉತ್ತರವಾಗಿ ಬಂದರೆ ಮಾತ್ರ ಇದರ ಬಣ್ಣ ಬದಲಾಗುತ್ತದೆ. "ನಿನ್ನ ಕೈಲಿಂದ ಆಗಂಗಿಲ್ಲ" ಎಂದವನಿಗೆ "ಬೆಟ್" ಎಂದರೆ 'ನೋಡ್ತಿರು ಮಗನ' ಎಂದರ್ಥ. ಕೊನೆಗೊಂದು ಪೂರ್ಣವಿರಾಮ ಬಿದ್ದರೆ ಇನ್ನೂ ಬಿಸಿ. ಮೊಬೈಲ್ ಸಂದೇಶದ ಕೊನೆಗೆ ಪೂರ್ಣವಿರಾಮವಿಟ್ಟರೆ ಓದಿದವರಿಗೆ ಅದು ಮನಃಪೂರ್ವಕವಲ್ಲ ಎನಿಸುತ್ತದೆ ಎಂದು ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲೇ ಕಂಡುಕೊಂಡಿದ್ದರು. ವ್ಯಾಕರಣದ ಮೇಷ್ಟ್ರು ನಲವತ್ತು ವರ್ಷ ಬೆತ್ತ ಹಿಡಿದು ಕಲಿಸಿದ ಚಿಹ್ನೆ ಈಗ ಮುನಿಸಿನ ಗುರುತಾಗಿದೆ. ಮೇಷ್ಟ್ರು ಕಳಿಸುವ "ನಮಸ್ಕಾರ." ಎಂಬ ಸಂದೇಶ ನೋಡಿ ಹುಡುಗರು ಗಾಬರಿಯಾಗುವುದು ಅದಕ್ಕೇ.

ಕನ್ನಡ ಸಾಯುತ್ತಿದೆ ಎನ್ನುವವರು ಒಂದು ಸಂಗತಿ ಕೇಳಬೇಕು. ಇದೇ ಹುಡುಗ ಹಿರಿಯರ ಮುಂದೆ ಬಾಯಿತಪ್ಪಿ ಆ ಪದ ಆಡಿದಾಗ ಬರೀ "ಬೆಟ್" ಎನ್ನುವುದಿಲ್ಲ, "ಬೆಟ್ ರೀ ಕಾಕಾ" ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಯಾರಿಗೂ ತಲೆಬಾಗದ ಪದ ಚಿಮ್ಮನಚೋಡಕ್ಕೆ ಬಂದ ಕೂಡಲೇ ತಲೆಯ ಮೇಲೆ ಟವೆಲ್ಲು ಸರಿಮಾಡಿಕೊಂಡು ನಿಂತಿದೆ. ಯಾರು ಯಾರನ್ನು ನುಂಗಿದರು ಎಂದು ಕಾಕಾ ಅವರೇ ಹೇಳಬೇಕು. ಅವರು ಹೇಳುವುದು "ಓಕೆ ಓಕೆ, ನಡಿ" ಎಂದು. ಆ ಓಕೆ ಎಲ್ಲಿಂದ ಬಂತು? 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು 'ಆಲ್ ಕರೆಕ್ಟ್' ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಮೊಟಕು ಮಾಡಿ ಅಚ್ಚುಹಾಕಿದ ತಮಾಷೆ ಅದು. ಅಕ್ಷರ ಮೊಟಕುಮಾಡಿ ನಗುವುದು ಆ ಕಾಲದ ಹುಡುಗಾಟಿಕೆಯ ಹುಚ್ಚಾಗಿತ್ತು. ಅಂದಿನ ಎಫ್‌ಆರ್ ಇಂದಿನ ಕಾಕಾ ಅವರ ಬಾಯಲ್ಲಿ ಗೌರವಸ್ಥ ಕನ್ನಡವಾಗಿ ಕೂತಿದೆ.

ಕೊನೆಯ ಆರೋಪಿ ನೋ ಥಾಟ್ಸ್ ಹೆಡ್ ಎಂಪ್ಟಿ. ವಿಚಾರವಿಲ್ಲ, ತಲೆ ಖಾಲಿ. ಶೂನ್ಯದತ್ತ ಕಣ್ಣು ನೆಟ್ಟು ಕೂತ ಬೆಕ್ಕು ನಾಯಿಗಳ ಚಿತ್ರದ ಕೆಳಗೆ ಬರೆಯುವ ತಮಾಷೆಯಾಗಿ ಇದು ಹಬ್ಬಿತು. ಆಮೇಲೆ ಜನ ಆ ಬೆಕ್ಕಿನ ಜಾಗದಲ್ಲಿ ತಾವೇ ಹೋಗಿ ಕೂತರು. ಹಿರಿಯರು ಇದನ್ನು ದಡ್ಡತನದ ಒಪ್ಪಿಗೆ ಎಂದುಕೊಳ್ಳುತ್ತಾರೆ. ಅದು ತುಂಬಿದ ತಲೆ ತೂಗುಹಾಕುವ 'ಇಂದು ರಜೆ' ಎಂಬ ಫಲಕ. ನಿಜವಾಗಿ ತಲೆ ಖಾಲಿ ಇದ್ದವನು ಅದನ್ನು ಘೋಷಿಸುವುದಿಲ್ಲ, ಚುನಾವಣೆಗೆ ನಿಲ್ಲುತ್ತಾನೆ.

ಮಕ್ಕಳನ್ನು ಪೂರಾ ಬಿಡುಗಡೆ ಮಾಡುವುದೂ ಸರಿಯಲ್ಲ. ಪ್ರತಿ ಮಾತಿಗೂ ಜಾಮೀನು ಕಟ್ಟುವವನಿಗೆ ಒಂದು ದಿನ ಜಾಮೀನಿಲ್ಲದೆ ಮಾತಾಡುವ ಪ್ರಸಂಗ ಬಂದೇ ಬರುತ್ತದೆ. ಆಗ ನಾಲಿಗೆ ಕೈಕೊಡುತ್ತದೆ. ಅಜ್ಜ ತೀರಿಕೊಂಡಾಗ "ಲೋಕೀ ದುಃಖ ಆಗ್ಯದ" ಎನ್ನಲಾಗದೆ ಮೊಬೈಲಿನ ಕಡೆ ನೋಡುತ್ತ ನಿಂತವರನ್ನು ಕಂಡವರಿದ್ದಾರೆ. ಅಂಜಿಕೆ, ಆಸೆ, ಹೊಟ್ಟೆಕಿಚ್ಚು, ಬೇಸರ ಎಲ್ಲವೂ ಒಂದೇ ತಗ್ಗುದನಿಯಲ್ಲಿ ಬಂದರೆ ಸ್ವಂತ ಮನಸ್ಸಿನೊಳಗೂ ಅವು ಒಂದೇ ಬಣ್ಣವಾಗುವ ಅಪಾಯವಿದೆ. ಆದರೆ ಈ ಬುದ್ಧಿಮಾತನ್ನು ಹೇಳುವ ಹಕ್ಕು ಯಾರಿಗಿದೆ ಎಂಬುದು ಬೇರೆ ಪ್ರಶ್ನೆ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43. ರಾಜ್ಯದ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91.12. ನೂರು ಮಕ್ಕಳಲ್ಲಿ ಐವತ್ತೇಳಕ್ಕೂ ಹೆಚ್ಚು ಮಂದಿ ದಡ ಮುಟ್ಟದ ಜಿಲ್ಲೆಯಲ್ಲಿ ಚಹಾದಂಗಡಿಯ ತೀರ್ಪು ಹೊರಬಿತ್ತು: ಎಲ್ಲಾ ಈ ಮೊಬೈಲ್ ಭಾಷೆಯಿಂದ. ಮಂಗಳೂರಿನ ಮಕ್ಕಳು ತಾಳೆಗರಿಯ ಮೇಲೆ ಸಂದೇಶ ಬರೆದುಕೊಳ್ಳುತ್ತಾರೆ ಎಂದು ಅವರ ತಿಳಿವಳಿಕೆ ಇರಬೇಕು.

ಶಾಲೆಯ ವಿಷಯಕ್ಕೆ ಇಲಾಖೆಯನ್ನು ಕೇಳಿ ನೋಡಿ. ಹುಡುಗರ ನಾಲ್ಕೂ ಪದಗಳು ಅಲ್ಲಿ ಲೆಟರ್‌ಹೆಡ್ ಮೇಲೆ, ಮೊಹರು ಸಮೇತ ಸಿಗುತ್ತವೆ. ಮೇಷ್ಟ್ರ ಹುದ್ದೆ ತುಂಬಿ ಎಂದರೆ 'ತಾತ್ವಿಕ ಒಪ್ಪಿಗೆ ದೊರೆತಿದೆ' ಎನ್ನುತ್ತಾರೆ. ಇದು ಸರ್ಕಾರಿ ಲೋಕೀ. ಒಪ್ಪಿಗೆ ಇದೆ, ಆದರೆ ನೀವು ಹುದ್ದೆ ಕೇಳಿದರೆ ಇಲ್ಲ. ಯಾವಾಗ ಎಂದರೆ 'ಯಾವುದೇ ಕಾರಣಕ್ಕೂ ವಿಳಂಬವಾಗುವುದಿಲ್ಲ'. ಇದು ಎಫ್‌ಆರ್. ಬರೀ ಮಾತಿಗೆ ಕಿಮ್ಮತ್ತು ಉಳಿಯದ ಕಡೆ ಮಾತ್ರ ಇಷ್ಟು ದೊಡ್ಡ ಆಣೆ ಬೇಕಾಗುತ್ತದೆ. ಮನವಿಪತ್ರ ಕೊಟ್ಟರೆ 'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು'. ಇದು ಬೆಟ್. ಚರ್ಚೆ ಮುಗಿಯಿತು, ಬಾಗಿಲು ಆ ಕಡೆ. ಎಲ್ಲ ಮುಗಿದು ಪತ್ರಕರ್ತರು ಮೈಕು ಹಿಡಿದರೆ 'ಈ ವಿಷಯ ನನ್ನ ಗಮನಕ್ಕೆ ಬಂದಿಲ್ಲ'. ನೋ ಥಾಟ್ಸ್, ಹೆಡ್ ಎಂಪ್ಟಿ.

ಇದೇ ತಾಲ್ಲೂಕಿನ ಗಡಿಕೇಶ್ವರದ ಜನರಿಗೆ ಈ ಭಾಷೆಯ ರುಚಿ ಚೆನ್ನಾಗಿ ಗೊತ್ತು. 2021ರ ಅಕ್ಟೋಬರಿನಲ್ಲಿ ಅಲ್ಲಿ ನೆಲದೊಳಗಿಂದ ಸದ್ದು ಬಂತು, ಮನೆಗಳು ಅಲುಗಿದವು, ಒಮ್ಮೆ ಕಂಪನ 4.1ರ ತೀವ್ರತೆ ಮುಟ್ಟಿತು. ಜನ ಒಳಗೆ ಮಲಗಲು ಅಂಜಿ ಹೊರಗೆ ಮಲಗಿದರು. ವರದಿಯಲ್ಲಿ ಅದು 'ಲಘು ಭೂಕಂಪ'. ವಿಜ್ಞಾನದ ಪಟ್ಟಿಯ ಪ್ರಕಾರ ಆ ಹೆಸರು ಸರಿಯೇ. 4ರಿಂದ 5ರೊಳಗಿನದೆಲ್ಲ ಲಘು. ಆದರೆ ಮಣ್ಣು ಕಲ್ಲಿನ ಗೋಡೆಗೆ ಆ ಪಟ್ಟಿ ಓದಲು ಬರುವುದಿಲ್ಲ. ಲೋಕೀ ಭೂಮಿ ನಡುಗಿದೆ ಎಂದು ಯಾವ ಹುಡುಗನೂ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

ಮಕ್ಕಳ ಪದಕ್ಕೂ ಕಚೇರಿಯ ಪದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಹುಡುಗ ಜಾಮೀನು ಪಡೆಯುವುದು ತನ್ನ ಅಂಜಿಕೆಗೆ, ಕಚೇರಿ ಜಾಮೀನು ಪಡೆಯುವುದು ತನ್ನ ಕರ್ತವ್ಯಕ್ಕೆ. ಹುಡುಗ "ಬೆಟ್" ಎಂದರೆ ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ಬಂದು ನಿಂತಿರುತ್ತಾನೆ.

ಪರಭಾಷೆಯ ಪದದ ಭಯವೇನೂ ಈ ಸೀಮೆಗೆ ಹೊಸದಲ್ಲ. ಪಕ್ಕದ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ 'ಕವಿರಾಜಮಾರ್ಗ'ದಲ್ಲಿ ಇದೇ ತಕರಾರು ಎತ್ತಿದ್ದಾನೆ. ಹದ ತಿಳಿಯದೆ ಸಂಸ್ಕೃತ ಕನ್ನಡಗಳನ್ನು ಒಂದೇ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದು ಎಚ್ಚರಿಸಿದ್ದಾನೆ. ಅದೇ ಕವಿ ಕನ್ನಡದ ದೇಸಿಗಳು ಎಷ್ಟು ಬಗೆಯೆಂದರೆ ಅವುಗಳ ದೋಷ ಎಣಿಸಲು ಹೋದರೆ ವಾಸುಕಿಯೂ ಬೇಸತ್ತಾನು ಎಂದೂ ಹೇಳಿದ್ದಾನೆ. ಅವನು ಬೇಡವೆಂದದ್ದು ಹದಗೆಟ್ಟ ಬೆರಕೆಯನ್ನು. ಬೇರೆ ಬೇರೆ ಕನ್ನಡಗಳಿರುವುದನ್ನು ಅವನು ಕಂಡು, ಎಣಿಕೆ ಕೈಬಿಟ್ಟು, ಮುಂದೆ ನಡೆದ. ನಮ್ಮ ಬೆಂಚಿನವರು ವಾಸುಕಿಗಿಂತ ಗಟ್ಟಿಗರು. ಇನ್ನೂ ಎಣಿಸುತ್ತಿದ್ದಾರೆ.

ಅವರ ಶ್ರಮ ಕಡಿಮೆ ಮಾಡಲು ಒಂದು ಸಲಹೆಯಿದೆ. ಹುಡುಗರ ಪದವನ್ನು ಬೈದು ಕೊಲ್ಲಲಾಗದು, ಬೈದಷ್ಟೂ ಅದು ದಪ್ಪವಾಗುತ್ತದೆ. ಅದು ಸಾಯುವುದು ದೊಡ್ಡವರು ಅದನ್ನು ಪ್ರೀತಿಯಿಂದ ಬಳಸಿದಾಗ. ಮಾವನವರು ಬಳಗದ ಗುಂಪಿನಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ "ಶುಭೋದಯ ಎಫ್‌ಆರ್" ಎಂದು ಕಳಿಸಿದ ದಿನವೇ ಆ ಪದದ ತಿಥಿ. ಆದ್ದರಿಂದ ಸರ್ಕಾರ ಕೂಡಲೇ ಒಂದು ಸುತ್ತೋಲೆ ಹೊರಡಿಸಿ, ಈ ನಾಲ್ಕು ಪದಗಳನ್ನು ಕಡತಗಳಲ್ಲಿ ಕಡ್ಡಾಯ ಮಾಡಬೇಕು. ಮಂಜೂರಾತಿ ಪತ್ರದಲ್ಲಿ "ಕಾಮಗಾರಿಗೆ ಲೋಕೀ ಒಪ್ಪಿಗೆ ನೀಡಲಾಗಿದೆ" ಎಂದಿರಲಿ. ಅಹವಾಲು ಸಭೆಯಲ್ಲಿ ಅರ್ಜಿಯ ಮೇಲೆ "ಬೆಟ್" ಎಂದು ಷರಾ ಬೀಳಲಿ. ಪ್ರತಿ ಭರವಸೆಯ ಕೊನೆಗೆ ಎಫ್‌ಆರ್ ಮೊಹರು ಇರಲಿ. ವಾರದೊಳಗೆ ರಾಜ್ಯದ ಒಂದು ಮಗುವೂ ಆ ಪದಗಳನ್ನು ಬಾಯಿಗೆ ತರುವುದಿಲ್ಲ, ಕನ್ನಡ ಉಳಿಯುತ್ತದೆ.

ಇನ್ನು ಜಿಲ್ಲೆಯ ಫಲಿತಾಂಶ ಕೊನೆಗೆ ಬಿದ್ದದ್ದೇಕೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ, ಸಂಬಂಧಪಟ್ಟ ಅಧಿಕಾರಿಗಳು ಹಸಿರು ಶಾಯಿಯಲ್ಲಿ "ನೋ ಥಾಟ್ಸ್ ಹೆಡ್ ಎಂಪ್ಟಿ" ಎಂದು ಬರೆದು ಸಹಿ ಹಾಕಿ ಕಳಿಸಲಿ. ಆ ಕಚೇರಿಯಿಂದ ಹೊರಬಿದ್ದ ಮೊದಲ ಪ್ರಾಮಾಣಿಕ ಉತ್ತರವೆಂದು ಅರ್ಜಿದಾರರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ಮೇಲ್ಮನವಿ ಸಲ್ಲಿಸುವ ಪ್ರಶ್ನೆಯೇ ಬರುವುದಿಲ್ಲ.